ಒಂದು ಎಚ್‌ಗಾಗಿ ಮುಂಬೈಗೆ ಎರಡು ಸಲ

ನಾನು ಪುಣೆಗೆ ಬಂದು 14 ವರ್ಷ ಆಯ್ತು. ಅದರಲ್ಲಿ 9 ವರ್ಷ ಕಂಪನಿಗೆ ಹೊಸಬರನ್ನು ಸೇರಿಸಿಕೊಳ್ಳುವ ಆನ್‌ಬೋರ್ಡಿಂಗ್ ಡೆಸ್ಕ್‌ನಲ್ಲೇ ಕಳೆದಿದೆ. ಹೆಸರುಗಳನ್ನು ನೋಡುವುದೇ ನನ್ನ ಕೆಲಸ. ಆದರೂ ಕೈಕೊಟ್ಟಿದ್ದು ನಮ್ಮ ಊರಿನ ಕಡೆಯ ಹೆಸರೇ. ಇಲ್ಲಿ ಹೆಸರು ಬದಲಿಸಿದ್ದೇನೆ, ಅಕ್ಷರಗಳ ಕಥೆ ಮಾತ್ರ ಅದೇ.

ಹುಡುಗಿ ಜ್ಯೋತಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ Jyothi H N. ಎಚ್ ಅಂದರೆ ಊರು ಹಳ್ಳಿಕೆರೆ, ಎನ್ ಅಂದರೆ ಅಪ್ಪ ನಾಗರಾಜ್. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಊರು, ಅಪ್ಪ ಎರಡೂ ಸರ್‌ನೇಮ್ ಕಾಲಂಗೆ ಹೋಗಿದ್ದವು. ಪಾಸ್‌ಪೋರ್ಟ್‌ನ ಕೆಳಗಡೆ ಇರುವ ಎರಡು ಸಾಲುಗಳಲ್ಲಿ ಮೊದಲನೆಯದು ಹೀಗಿತ್ತು:

```
P<INDHALLIKERE<NAGARAJ<<JYOTHI<<<<<<<<<<<<<<
```

ಪ್ಯಾನ್‌ನಲ್ಲಿ ಮಾತ್ರ Jyoti Nagaraja. ಮೊದಲ ಕೆಲಸಕ್ಕೆ ಸೇರುವಾಗ ಹಿಂಜೆವಾಡಿಯ ಏಜೆಂಟ್ ಒಬ್ಬ ತುಂಬಿದ್ದು. ಅವನ ತಪ್ಪು ಅಂತಲೂ ಹೇಳುವ ಹಾಗಿಲ್ಲ. ನಾವು ಟಕಾರಕ್ಕೆ t, ತಕಾರಕ್ಕೆ th ಬರೆಯುತ್ತೇವೆ. ಮರಾಠಿಯವರಿಗೆ ತ, ಟ ಎರಡಕ್ಕೂ t ಸಾಕು. th ಕಂಡರೆ ಅವರು ಥ ಅಂತ ಓದುತ್ತಾರೆ. ನಮ್ಮ ಗೀತಾ, ಸವಿತಾ ಎಲ್ಲರೂ ಇಲ್ಲಿಗೆ ಬಂದರೆ ಒಂದು h ಕಳೆದುಕೊಳ್ಳುತ್ತಾರೆ. ಬ್ಯಾಂಕ್ ಖಾತೆ ಪ್ಯಾನ್ ನೋಡಿ ತೆರೆದದ್ದು, ಅಲ್ಲೂ h ಇಲ್ಲ.

ಆಕೆಗೆ ಜರ್ಮನಿಯ ಅಸೈನ್‌ಮೆಂಟ್ ಬಂತು. ನಮ್ಮ ಎಚ್‌ಆರ್ ಸಿಸ್ಟಂ ಹೆಸರನ್ನು ಪ್ಯಾನ್‌ನಿಂದ ಎಳೆದುಕೊಳ್ಳುತ್ತದೆ. ಅಲ್ಲಿಂದ ಕಾಂಟ್ರಾಕ್ಟ್‌ಗೆ. ಚೆಕ್‌ಲಿಸ್ಟ್ ಮಾಡುವಾಗ ನನಗೆ ಕಂಡಿತ್ತು, ಸುಳ್ಳು ಹೇಳುವುದಿಲ್ಲ. 'ಒಂದು ಎಚ್ ತಾನೇ, ಅಫಿಡವಿಟ್ ಇದೆಯಲ್ಲ' ಅಂದುಕೊಂಡು ಟಿಕ್ ಹಾಕಿದೆ. ಹಳ್ಳಿಕೆರೆ ಇಡಿಯಾಗಿ ಮಾಯವಾಗಿದ್ದು ಆಗ ತಲೆಗೇ ಹೋಗಲಿಲ್ಲ.

ಬೆಳಗಿನ ಜಾವದ ಶಿವನೇರಿ ಬಸ್ ಹಿಡಿದು ಜ್ಯೋತಿ ಮುಂಬೈನ ವೀಸಾ ಕೇಂದ್ರಕ್ಕೆ ಹೋದಳು. ಹತ್ತೂವರೆಗೆ ಫೋನ್. "ಸರ್, ವೀಸಾ ಫಾರಂನಲ್ಲಿ ಒಂದು ಹೆಸರು, ಕಾಂಟ್ರಾಕ್ಟ್‌ನಲ್ಲಿ ಇನ್ನೊಂದು ಅಂತಿದಾರೆ. ಫಾರಂ ನಾನು ಪಾಸ್‌ಪೋರ್ಟ್ ನೋಡೇ ತುಂಬಿದ್ದೆ."

"ಅಫಿಡವಿಟ್ ತೋರಿಸಿದ್ರಾ?"

"ತೋರಿಸ್ದೆ. ಬೇಕಾದ್ರೆ ಜೊತೆಗೆ ಇಟ್ಕೋತೀವಿ, ಆದ್ರೆ ತೀರ್ಮಾನ ಕಾನ್ಸುಲೇಟ್‌ದು ಅಂದ್ರು. ಏನ್ ಮಾಡ್ಲಿ ಸರ್?"

ಹೊಸ ಕಾಂಟ್ರಾಕ್ಟ್‌ಗೆ ಸಹಿ ಹಾಕಬೇಕಾದವರು ಜರ್ಮನಿಯಲ್ಲಿ. ಅಲ್ಲಿ ಆಗ ಬೆಳಿಗ್ಗೆ ಏಳು. ಮೂರು ಸಲ ಕಾಲ್ ಮಾಡಿದೆ. ಯಾರು ಎತ್ತುತ್ತಾರೆ? ಪಕ್ಕದ ಸೀಟಿನವರು ಚಹಾಕ್ಕೆ ಕರೆದರು, ಕೈ ಅಲ್ಲಾಡಿಸಿದೆ. ಆಚೆ ಕಡೆ ಅವಳು ಲೈನಿನಲ್ಲೇ ಇದ್ದಳು, ಹಿಂದೆ ಟೋಕನ್ ನಂಬರ್ ಕೂಗುವ ಸದ್ದು. ಹಾಗೇ ಕೊಟ್ಟುಬಿಡಿ ಅಂದರೆ ತಿರಸ್ಕಾರವಾದರೆ ಹೊಣೆ ಯಾರದು? "ವಾಪಸ್ ಬಂದುಬಿಡಿ" ಅಂದೆ. ಅವಳು "ಸರಿ ಸರ್" ಅಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಅಫಿಡವಿಟ್ ಬಗ್ಗೆ ನನ್ನ ಲೆಕ್ಕ ತಪ್ಪಿದ್ದು ಅಲ್ಲೇ. 'ಈ ಇಬ್ಬರೂ ಒಬ್ಬರೇ' ಅಂತ ಅದು ಹೇಳುತ್ತದೆ ನಿಜ. ಮನುಷ್ಯ ಓದಿದರೆ ಒಪ್ಪಬಹುದು. ಆದರೆ ಅದು ಯಾವ ದಾಖಲೆಯನ್ನೂ ತಿದ್ದುವುದಿಲ್ಲ. ಪ್ಯಾನ್, ಬ್ಯಾಂಕ್, ಪಿಎಫ್ ಕಂಪ್ಯೂಟರ್‌ಗಳು ಸ್ಟ್ಯಾಂಪ್ ಪೇಪರ್ ಓದುವುದಿಲ್ಲ.

ಕಾಂಟ್ರಾಕ್ಟ್ ಮರುದಿನವೇ ಸರಿಯಾಯ್ತು, ವೀಸಾ ಕೇಂದ್ರದಲ್ಲಿ ಮತ್ತೆ ಸ್ಲಾಟ್ ಸಿಕ್ಕಿದ್ದು ಮೂರು ವಾರಕ್ಕೆ. ಅಷ್ಟರಲ್ಲಿ ಉಳಿದವನ್ನೂ ತಿದ್ದಲು ಕೂತೆವು. ಪಾಸ್‌ಪೋರ್ಟ್ ಮುಟ್ಟಲಿಲ್ಲ. ಅಂಕಪಟ್ಟಿಯ Jyothi ಅದಕ್ಕೆ ಹೊಂದುತ್ತಿತ್ತು, ಇನಿಷಿಯಲ್‌ಗಳು ಬಿಡಿಸಿದ್ದವು. ಮೊದಲು ಪಾಸ್‌ಪೋರ್ಟ್ ತೋರಿಸಿ ಆಧಾರ್, ಯಾಕೆಂದರೆ ಮಿಕ್ಕವೆಲ್ಲ ತಾಳೆ ನೋಡುವುದು ಅದರ ಜೊತೆ. ಆಮೇಲೆ ಪ್ಯಾನ್, ಆಮೇಲೆ ಬ್ಯಾಂಕ್ ಕೆವೈಸಿ, ಕೊನೆಗೆ ಪಿಎಫ್‌ಗೆ ಜಾಯಿಂಟ್ ಡಿಕ್ಲರೇಷನ್. ಹಳೆ ಕಂಪನಿಯವರು ಅದಕ್ಕೆ ಒಪ್ಪಿಗೆ ಒತ್ತುವಷ್ಟರಲ್ಲಿ ಜ್ಯೋತಿ ಜರ್ಮನಿಯಲ್ಲಿ ಮನೆ ಹುಡುಕುತ್ತಿದ್ದಳು.

ಆಧಾರ್ ಕೇಂದ್ರದಲ್ಲೂ ಒಂದು ತಮಾಷೆ. ಆಪರೇಟರ್ Jyothi ಅಂತ ಟೈಪ್ ಮಾಡಿದ, ಪಕ್ಕದಲ್ಲಿ ಸಾಫ್ಟ್‌ವೇರ್ ತಾನಾಗಿ ಮರಾಠಿಯಲ್ಲಿ 'ಜ್ಯೋಥಿ' ಅಂತ ತೋರಿಸಿತು. ಪಾಪ, ಅವನು ಮರಾಠಿ ಸರಿಮಾಡಲು ಇಂಗ್ಲಿಷಿನ h ಅಳಿಸಹೊರಟ! ಜ್ಯೋತಿ "ಥಾಂಬಾ, ಥಾಂಬಾ" ಅಂತ ತಡೆದಳಂತೆ. ಮರಾಠಿ ಕಾಲಂ ಬೇರೆಯಾಗಿಯೇ ತಿದ್ದಬಹುದು. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನಕ್ಕೆ ಎರಡೇ ಅವಕಾಶ. ಸ್ಕ್ರೀನ್ ನೋಡದೆ ಇದ್ದಿದ್ದರೆ ಒಂದು ಅಲ್ಲೇ ವ್ಯರ್ಥವಾಗುತ್ತಿತ್ತು.

ಈಗ ನಾನು ಪಾಸ್‌ಪೋರ್ಟ್‌ನ ಆ ಕೆಳಗಿನ ಸಾಲನ್ನೇ ಒಂದೊಂದೇ ಅಕ್ಷರ ಓದಿ ಕಾಂಟ್ರಾಕ್ಟ್ ಜೊತೆ ಹೋಲಿಸುತ್ತೇನೆ. ಸಿಸ್ಟಂನಲ್ಲಿ 'ಪಾಸ್‌ಪೋರ್ಟ್ ಪ್ರಕಾರ ಹೆಸರು' ಅಂತ ಒಂದು ಕಾಲಂ ಕೊಡಿ ಅಂತ ಐಟಿಯವರಿಗೆ ಟಿಕೆಟ್ ಹಾಕಿದ್ದೇನೆ. ಎರಡು ಸಲ ಕ್ಲೋಸ್ ಮಾಡಿದರು, ಮೂರನೆಯದು ತೆರೆದೇ ಇದೆ. ಜ್ಯೋತಿಯ ಆಫೀಸ್ ಮೇಲ್ ಐಡಿಯಲ್ಲಿ ಇವತ್ತಿಗೂ h ಇಲ್ಲ. ಸರಿಮಾಡಿಸಲಾ ಅಂತ ಕೇಳಿದೆ. "ಬೇಡ ಸರ್, ಅದನ್ನ ಮುಟ್ಟಿದ್ರೆ ಇನ್ನೇನು ಹೋಗುತ್ತೋ" ಅಂದಳು.