ಎಡಗೆನ್ನೆಗೆ ಸ್ಯಾಲಿಸಿಲಿಕ್, ಬಲಗೆನ್ನೆಗೆ ಬೆಂಜಾಯಿಲ್: ಹತ್ತನೇ ವಾರದ ಲೆಕ್ಕ

ಕೊನೆಗೂ ಸಿಕ್ಕಿಬಿದ್ದಿತು. ಮೂರನೇ ವಾರದಿಂದ ನನ್ನ ಬಲಗೆನ್ನೆ ಯಾಕೆ ಉರಿಯುತ್ತಿತ್ತು ಅಂತ ತಲೆ ಕೆಡಿಸಿಕೊಂಡಿದ್ದೆನಲ್ಲ, ಅದಕ್ಕೆ ಉತ್ತರ ಬಚ್ಚಲುಮನೆಯ ಗೂಡಿನಲ್ಲೇ ಕೂತಿತ್ತು. ಮೊಡವೆಗೆ ಹಚ್ಚುತ್ತಿದ್ದ ಬೆಂಜಾಯಿಲ್ ಪೆರಾಕ್ಸೈಡ್ ಜೆಲ್ಲನ್ನು ಸುಮ್ನೆ ಬೈದುಕೊಂಡು ಎರಡು ವಾರ ಕಳೆದೆ.

ಹೊಸದಾಗಿ ಓದುತ್ತಿರುವವರಿಗೆ ಎರಡೇ ಮಾತು. ಎರಡು ಮೊಡವೆ ಔಷಧಿಗಳನ್ನು ಹೋಲಿಸಿ ನೋಡಲು ಒಂದೊಂದು ಕೆನ್ನೆಗೆ ಒಂದೊಂದನ್ನು ಹಚ್ಚಿ ವಾರವಾರ ಗುಳ್ಳೆ ಎಣಿಸುತ್ತಿದ್ದೇನೆ. ನನ್ನ ಮೊಡವೆ ಸೌಮ್ಯ ಜಾತಿಯದು. ಎರಡೂ ಕೆನ್ನೆ ಸೇರಿ ಮೂವತ್ತರ ಒಳಗೆ, ಗಂಟುಗಳಿಲ್ಲ, ಗುಳಿ ಬಿದ್ದಿಲ್ಲ. ರಾತ್ರಿ ಎಡಗಡೆ 2% ಸ್ಯಾಲಿಸಿಲಿಕ್ ಆಸಿಡ್ ಲೋಷನ್, ಬಲಗಡೆ 2.5% ಬೆಂಜಾಯಿಲ್ ಜೆಲ್. ಎರಡನ್ನೂ ಹಚ್ಚಿ ಹಾಗೇ ಬಿಡುವುದು. ಸನ್‌ಸ್ಕ್ರೀನ್, ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಪರೀಕ್ಷೆ ಮಾಡುವುದು, ಇವೆಲ್ಲ ನಿಮಗೆ ಗೊತ್ತೇ ಇದೆ, ಬಿಡಿ.

ಎಣಿಸುವ ವಿಧಾನವನ್ನು ಮಾತ್ರ ಹೇಳಲೇಬೇಕು, ಯಾಕೆಂದರೆ ಯಾವುದನ್ನು ಆರಿಸಬೇಕು ಅನ್ನುವುದು ಇಲ್ಲೇ ತೀರ್ಮಾನವಾಗುತ್ತದೆ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಡುಗೆಮನೆ ಕಿಟಕಿಯ ಪಕ್ಕ ನಿಲ್ಲುತ್ತೇನೆ. ಬೆಳಕು ಎದುರಿನಿಂದ ಬೀಳಬಾರದು, ಪಕ್ಕದಿಂದ ಬೀಳಬೇಕು. ಎರಡು ಬೆರಳಿನಿಂದ ಚರ್ಮವನ್ನು ಮೆಲ್ಲಗೆ ಎಳೆದು ಹಿಡಿಯಬೇಕು. ಆಗ ಅಲ್ಲಿಯವರೆಗೆ ಕಾಣದಿದ್ದ ಗುಳ್ಳೆಗಳು ರವೆ ಕಾಳಿನ ಹಾಗೆ ಎದ್ದು ಕಾಣುತ್ತವೆ. ಚರ್ಮದ ಬಣ್ಣದವು, ಮುಟ್ಟಿದರೆ ನೋವಿಲ್ಲ. ಇವು ಮುಚ್ಚಿಕೊಂಡ ರಂಧ್ರಗಳು. ಬಾಯಿ ತೆರೆದುಕೊಂಡು ತುದಿ ಕಪ್ಪಾಗಿದ್ದರೆ ಅದೇ ಬ್ಲ್ಯಾಕ್‌ಹೆಡ್. ಪುಸ್ತಕದಲ್ಲಿ ಇವೆರಡಕ್ಕೂ ಸೇರಿ ‘ರವೆ’ ಅಂತ ಒಂದು ಸಾಲು ಹಾಕಿದ್ದೇನೆ. ಕೆಂಪಗಿದ್ದು ಮುಟ್ಟಿದರೆ ನೋಯುವವು, ಕೀವು ತುಂಬಿದವು, ಅವಕ್ಕೆ ‘ಕೆಂಪು’ ಅಂತ ಇನ್ನೊಂದು ಸಾಲು.

ಶುರುವಿನ ಭಾನುವಾರ ಎಡಗಡೆ ಕೆಂಪು 4, ರವೆ 9. ಬಲಗಡೆ ಕೆಂಪು 5, ರವೆ 8. ಹೆಚ್ಚು ಕಡಿಮೆ ಸಮ.

ಎರಡು ವಾರ ಎಲ್ಲ ಸರಿಯಾಗಿತ್ತು. ಬಲಗಡೆ ಕೆಂಪು 5ರಿಂದ 3ಕ್ಕೆ ಇಳಿದಿತ್ತು. ಇದು ನಿರೀಕ್ಷೆ ಇದ್ದದ್ದೇ. ಮೊಡವೆಯ ಬ್ಯಾಕ್ಟೀರಿಯಾ ರಂಧ್ರದ ಒಳಗೆ ಗಾಳಿಯಿಲ್ಲದ ಜಾಗದಲ್ಲಿ ಬದುಕುತ್ತದೆ. ಬೆಂಜಾಯಿಲ್ ಅಲ್ಲಿಗೆ ಆಮ್ಲಜನಕವನ್ನು ಬಿಟ್ಟು ಅದನ್ನು ಕೊಲ್ಲುತ್ತದೆ. ಆ್ಯಂಟಿಬಯಾಟಿಕ್‌ಗೆ ಬಗ್ಗದೆ ನಿಲ್ಲುವುದನ್ನು ಕಲಿಯುವ ಬ್ಯಾಕ್ಟೀರಿಯಾಕ್ಕೆ ಇದರ ಎದುರು ಆ ಆಟ ನಡೆಯುವುದಿಲ್ಲ. ವೈದ್ಯರು ಹಚ್ಚುವ ಆ್ಯಂಟಿಬಯಾಟಿಕ್ ಬರೆದಾಗ ಜೊತೆಗೆ ಇದನ್ನೂ ಬರೆಯುವುದು ಅದಕ್ಕೇ.

ಮೂರನೇ ಭಾನುವಾರ ಬಲಗಡೆ ಎಣಿಸಿದರೆ ಕೆಂಪು 11! ಕೈಯಲ್ಲಿದ್ದ ಪೆನ್ನು ಕೆಳಗಿಟ್ಟೆ. ಮೂಗಿನ ಮಡಿಕೆ, ಬಾಯಿಯ ಮೂಲೆ, ಗಲ್ಲ, ಎಲ್ಲ ಕಡೆ ಕೆಂಪು. ಮಾಯಿಶ್ಚರೈಸರ್ ಹಚ್ಚಿದರೂ ಮೆಣಸಿನಕಾಯಿ ಕುಯ್ದ ಕೈ ತಾಗಿದ ಹಾಗೆ ಉರಿ. ಔಷಧಿ ಕೆಲಸ ಮಾಡುತ್ತಿಲ್ಲ, ಶಕ್ತಿ ಸಾಲುತ್ತಿಲ್ಲ ಅಂದುಕೊಂಡು 5% ತರಲು ಹೊರಟೆ.

ಆ ಮೆಡಿಕಲ್ ಶಾಪಿನ ಕಥೆ ಬೇರೆ. ಮೊದಲ ಸಲ ನಾನು 2.5% ಕೇಳಿದಾಗಲೇ ಅವರು 5% ಕೊಡಲು ಬಂದಿದ್ದರು, ‘ಅದೇ ಔಷಧಿ ಮೇಡಂ, ಬೇಗ ಕೆಲಸ ಮಾಡುತ್ತೆ’ ಅಂತ. ಬೇಗ ಮಾಡುವುದಿಲ್ಲ. 1986ರಲ್ಲಿ 2.5, 5, 10 ಮೂರನ್ನೂ ಹೋಲಿಸಿ ನೋಡಿದ ಅಧ್ಯಯನ ಬಂದಿದೆ. ಕೆಂಪು ಗುಳ್ಳೆಗಳನ್ನು ಇಳಿಸುವುದರಲ್ಲಿ 2.5% ಉಳಿದೆರಡಕ್ಕೆ ಸಮನಾಗಿತ್ತು, 10%ಗಿಂತ ಉರಿಯೂ ಸಿಪ್ಪೆ ಏಳುವುದೂ ಕಡಿಮೆ ಇತ್ತು. ಈ ಸಲ ಹೋದಾಗ ನೋಡುತ್ತೇನೆ, ಟ್ಯೂಬುಗಳನ್ನು ಬಿಸಿಲು ನೇರವಾಗಿ ಬೀಳುವ ಗಾಜಿನ ಕಪಾಟಿನಲ್ಲಿ ಜೋಡಿಸಿದ್ದಾರೆ, ಅದೂ ಏಪ್ರಿಲ್‌ನಲ್ಲಿ! ಬೆಂಜಾಯಿಲ್ ಪೆರಾಕ್ಸೈಡ್ ಕಾವಿಗೆ ಒಡೆದು ಬೆಂಜೀನ್ ಆಗುತ್ತದೆ. ಅದು ಕ್ಯಾನ್ಸರ್‌ಕಾರಕ. ತಂಪಾದ ಜಾಗದಲ್ಲಿಡಿ ಅಂತ ಹೇಳಿ ಬರಿಗೈಲಿ ಬಂದೆ. ಇನ್ನೊಂದು ಅಂಗಡಿಯಲ್ಲಿ ಮೊಡವೆ ಅಂದ ತಕ್ಷಣ ಮೊಮೆಟಾಸೋನ್ ಇರುವ ಕ್ರೀಮ್ ಮುಂದಿಟ್ಟರು. ಅದು ಸ್ಟಿರಾಯ್ಡ್. ನಾಲ್ಕು ದಿನ ಮುಖ ಹೊಳೆಯುತ್ತದೆ, ಆಮೇಲೆ ಸ್ಟಿರಾಯ್ಡಿನದ್ದೇ ಮೊಡವೆ ಏಳುತ್ತದೆ. ಟ್ಯೂಬಿನ ಹಿಂದೆ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಅಂತ ಕಂಡರೆ ದಯವಿಟ್ಟು ವಾಪಸ್ ಕೊಟ್ಟುಬಿಡಿ.

ಮನೆಗೆ ಬಂದು ಮತ್ತೆ ಕನ್ನಡಿ ಮುಂದೆ ನಿಂತೆ. ಈ ಸಲ ಚರ್ಮ ಎಳೆದು ಹಿಡಿದೆ. ಆಗ ಹೊಳೆಯಿತು: ಹನ್ನೊಂದರಲ್ಲಿ ಎಂಟು ಗುಳ್ಳೆಗಳೇ ಅಲ್ಲ. ಬೆರಳಾಡಿಸಿದರೆ ಉಬ್ಬಿಲ್ಲ. ಚಪ್ಪಟೆ ಕೆಂಪು, ಅದರ ಮೇಲೆ ಈರುಳ್ಳಿ ಪೊರೆಯಂತೆ ತೆಳು ಸಿಪ್ಪೆ. ಮೊಡವೆ ಎಲ್ಲಿ ಬೇಕಾದರೂ ಏಳುತ್ತದೆ, ಆದರೆ ಈ ಕೆಂಪು ಜೆಲ್ ಹರಿದು ನಿಲ್ಲುವ ಮೂಲೆಗಳಲ್ಲೇ ಜಾಸ್ತಿ. ಅಂದರೆ ಇದು ಮೊಡವೆಯಲ್ಲ, ಚರ್ಮ ಕೆರಳಿದ್ದು. ಅಲರ್ಜಿಯೂ ಅಲ್ಲ ಅನ್ನಿಸಿತು. ಅಲರ್ಜಿಯಾದರೆ ತುರಿಕೆ ಮುಂದಾಗುತ್ತದೆ, ಮುಖ ಊದಿಕೊಳ್ಳುತ್ತದೆ, ಹಚ್ಚದ ಜಾಗಕ್ಕೂ ಹರಡುತ್ತದೆ. ಹಾಗಾದರೆ ಪೂರ್ತಿ ನಿಲ್ಲಿಸಿ ವೈದ್ಯರ ಹತ್ತಿರ ಹೋಗಬೇಕು, ಕಡಿಮೆ ಮಾಡಿ ನೋಡೋಣ ಅನ್ನುವಂತಿಲ್ಲ.

ಕೆರಳಿದ್ದೇನೋ ಸರಿ, ಎರಡು ವಾರ ಸುಮ್ಮನಿದ್ದದ್ದು ಈಗ ಯಾಕೆ? ಹಚ್ಚುವ ಅಳತೆ ಬದಲಾಗಿಲ್ಲ. ಇಡೀ ಮುಖಕ್ಕೆ ಒಂದು ಬಟಾಣಿಯಷ್ಟು ಅಂದರೆ ಒಂದು ಬದಿಗೆ ತೊಗರಿಕಾಳಿನಷ್ಟು, ಅಷ್ಟೇ ಹಚ್ಚುತ್ತಿದ್ದೆ. ಒಂದು ದಿನ ಬಿಟ್ಟು ಒಂದು ದಿನ ಮಾಡಿದೆ. ಉರಿ ಸ್ವಲ್ಪ ಇಳಿಯಿತು, ಹೋಗಲಿಲ್ಲ. ಮಾಯಿಶ್ಚರೈಸರ್ ಬದಲಿಸಿದೆ. ಅದೇ ಉರಿ.

ಇದರ ನಡುವೆ ಅಮ್ಮ ಒಂದು ಬೆಳಿಗ್ಗೆ ದಿಂಬಿನ ಕವರ್ ಹಿಡಿದುಕೊಂಡು ಬಂದರು. ಕೆಂಪು ಬಣ್ಣದ ಹೊಸ ಕವರ್, ಅದರ ಬಲಗಡೆ ಮಾತ್ರ ಮಾಸಲು ಕಿತ್ತಳೆ ಮಚ್ಚೆಗಳು. ‘ಏನೇ ಇದು, ನಿನ್ನ ಮುಖಕ್ಕೆ ಹಚ್ಚೋದು ಬಟ್ಟೆಯ ಬಣ್ಣವನ್ನೂ ತೆಗೀತಿದೆಯಲ್ಲೇ?’ ಹೌದು, ಬೆಂಜಾಯಿಲ್ ಬಣ್ಣ ತಿನ್ನುತ್ತದೆ. ಟವೆಲ್, ದುಪಟ್ಟಾ, ಯಾವುದನ್ನೂ ಬಿಡುವುದಿಲ್ಲ. ಅವತ್ತಿನಿಂದ ಬಿಳಿ ಕವರ್, ಬಿಳಿ ಟವೆಲ್.

ಆ ಬಿಳಿ ಟವೆಲ್ ಹುಡುಕಲು ಬಚ್ಚಲಿಗೆ ಹೋದಾಗಲೇ ಫೇಸ್‌ವಾಶ್ ಟ್ಯೂಬ್ ಕಣ್ಣಿಗೆ ಬಿತ್ತು. ನನ್ನ ಸಾದಾ ಫೇಸ್‌ವಾಶ್ ಎರಡನೇ ವಾರದ ಕೊನೆಗೆ ಖಾಲಿಯಾಗಿತ್ತು. ತಂಗಿ ತಂದಿಟ್ಟದ್ದನ್ನು ಬಳಸುತ್ತಿದ್ದೆ. ಮುಂದೆ ದೊಡ್ಡಕ್ಷರದಲ್ಲಿ ಎಣ್ಣೆ ಜಿಡ್ಡು ತೆಗೆಯುತ್ತದೆ ಅಂತಷ್ಟೇ ಇತ್ತು. ಹಿಂದೆ ತಿರುಗಿಸಿ ಕಿಟಕಿ ಹತ್ತಿರ ಹಿಡಿದು ಓದಿದೆ: ಸ್ಯಾಲಿಸಿಲಿಕ್ ಆಸಿಡ್ 2%. ದಿನಕ್ಕೆ ಎರಡು ಸಲ, ಎರಡೂ ಕೆನ್ನೆಗೆ! ತೊಳೆದುಬಿಡುವ ಫೇಸ್‌ವಾಶ್‌ನಿಂದ ಮೊಡವೆಗೆ ಆಗುವ ಉಪಯೋಗ ಕಡಿಮೆ. ಆದರೆ ಬೆಂಜಾಯಿಲ್‌ನಿಂದ ಮೊದಲೇ ಒಣಗಿದ್ದ ಬಲಗೆನ್ನೆಗೆ ಅಷ್ಟು ಸಾಕಾಗಿತ್ತು. ನನ್ನ ಹೋಲಿಕೆಯೂ ಕೆಟ್ಟಿತ್ತು, ಮೂರು ವಾರದಿಂದ ಬಲಗಡೆ ಎರಡೂ ಔಷಧಿ ಬೀಳುತ್ತಿತ್ತು.

ಐದು ದಿನ ಎರಡೂ ಬದಿಗೆ ಎಲ್ಲ ನಿಲ್ಲಿಸಿದೆ. ಸಾದಾ ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಅಷ್ಟೇ. ಆಮೇಲೆ ಬಲಗಡೆ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ. ಮುಖ ತೊಳೆದ ಮೇಲೆ ಚರ್ಮ ಪೂರ್ತಿ ಒಣಗಲು ಕಾಲು ಗಂಟೆ ಬಿಟ್ಟು, ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಜೆಲ್. ಮೂಗಿನ ಮಡಿಕೆಗೂ ಬಾಯಿಯ ಮೂಲೆಗೂ ಸ್ವಲ್ಪ ವ್ಯಾಸಲೀನ್ ಸವರಿ, ಜೆಲ್ ಅಲ್ಲಿಗೆ ಹರಿಯದ ಹಾಗೆ ಮಾಡಿದೆ. ಏಳನೇ ವಾರಕ್ಕೆ ಉರಿ ಇಲ್ಲ. ಎಂಟನೇ ವಾರದಿಂದ ದಿನಾ ರಾತ್ರಿ. ಉರಿಗೆ ಇಷ್ಟು ಹೆದರುವುದಕ್ಕೆ ಕಾರಣವಿದೆ. ನಮ್ಮಂಥ ಕಂದು ಚರ್ಮದಲ್ಲಿ ಕೆರಳಿದ ಜಾಗ ಕಪ್ಪು ಕಲೆ ಬಿಟ್ಟು ಹೋಗುತ್ತದೆ. ಮೊಡವೆ ವಾರದಲ್ಲಿ ಹೋದರೂ ಆ ಕಲೆ ತಿಂಗಳುಗಟ್ಟಲೆ ಕೂರುತ್ತದೆ.

ಹತ್ತನೇ ಭಾನುವಾರ, ಅಂದರೆ ಇವತ್ತು, ಬಲಗಡೆ ಕೆಂಪು 1, ರವೆ 6. ಎಡಗಡೆ ಕೆಂಪು 3, ರವೆ 3.

ಈ ನಾಲ್ಕು ಅಂಕಿಯನ್ನು ಎಷ್ಟು ಸಲ ನೋಡಿದರೂ ಸಾಲದು ನನಗೆ. ಬೆಂಜಾಯಿಲ್ ಕೆಂಪನ್ನು ಹಿಡಿಯಿತು, ರವೆಯನ್ನು ಹೆಚ್ಚು ಮುಟ್ಟಲಿಲ್ಲ. ಸ್ಯಾಲಿಸಿಲಿಕ್ ರವೆಯನ್ನು ಹಿಡಿಯಿತು, ಕೆಂಪನ್ನು ಅಷ್ಟಕ್ಕಷ್ಟೇ ಬಿಟ್ಟಿತು. ಸ್ಯಾಲಿಸಿಲಿಕ್ ಎಣ್ಣೆಯಲ್ಲಿ ಕರಗುವ ಆಮ್ಲ. ಜಿಡ್ಡು ತುಂಬಿದ ರಂಧ್ರದೊಳಗೆ ಇಳಿದು, ಅಲ್ಲಿ ಒಂದಕ್ಕೊಂದು ಅಂಟಿ ಬೂಚಾಗಿರುವ ಸತ್ತ ಚರ್ಮವನ್ನು ಬಿಡಿಸುತ್ತದೆ. ಬ್ಯಾಕ್ಟೀರಿಯಾದ ಮೇಲೆ ಅದಕ್ಕೆ ಅಂಥ ಹಿಡಿತ ಇಲ್ಲ. ಒಂದು ಮುಖದ ಲೆಕ್ಕದಿಂದ ಊರಿಗೆಲ್ಲ ತೀರ್ಪು ಕೊಡಲು ಬರುವುದಿಲ್ಲ, ಅದರಲ್ಲೂ ನಡುವೆ ಮೂರು ವಾರ ಕಲಬೆರಕೆ ಆಗಿದೆ. ಆದರೆ ಅಮೆರಿಕದ ಚರ್ಮವೈದ್ಯರ ಅಕಾಡೆಮಿ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ಬೆಂಜಾಯಿಲ್‌ಗೆ ಬಲವಾದ ಶಿಫಾರಸು ಇದೆ, ಸ್ಯಾಲಿಸಿಲಿಕ್‌ಗೆ ಷರತ್ತಿನ ಶಿಫಾರಸು ಮಾತ್ರ.

ಹಾಗಾಗಿ ಯಾರಾದರೂ ಕೇಳಿದರೆ ನಾನು ಮೊದಲು ಕಿಟಕಿ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಕೆಂಪು, ನೋವು, ಕೀವು ಜಾಸ್ತಿ ಇದ್ದರೆ 2.5% ಬೆಂಜಾಯಿಲ್. ನೋವಿಲ್ಲದ ರವೆ, ಮೂಗಿನ ಮೇಲೆ ಕಪ್ಪು ಚುಕ್ಕಿ ಜಾಸ್ತಿ ಇದ್ದರೆ ಹಚ್ಚಿ ಬಿಡುವ ಸ್ಯಾಲಿಸಿಲಿಕ್. ಎರಡೂ ಇದ್ದರೆ ನೋಯುವುದನ್ನು ಮೊದಲು ಹಿಡಿಯಿರಿ. ಇನ್ನೊಂದನ್ನು ತಿಂಗಳಾದ ಮೇಲೆ, ಬೇರೆ ಹೊತ್ತಿನಲ್ಲಿ ಸೇರಿಸಿ. ಯಾವುದಕ್ಕಾದರೂ ಎಂಟರಿಂದ ಹನ್ನೆರಡು ವಾರ ಕೊಡಲೇಬೇಕು. ಆಸ್ಪಿರಿನ್ ಅಲರ್ಜಿ ಇರುವವರು ಸ್ಯಾಲಿಸಿಲಿಕ್ ಮುಟ್ಟಬೇಡಿ, ಎರಡೂ ಒಂದೇ ಕುಲದವು. ಬಸುರಿಯರು ಯಾವುದನ್ನೇ ಆಗಲಿ ವೈದ್ಯರನ್ನು ಕೇಳಿಯೇ ಹಚ್ಚಿ. ಆಳದಲ್ಲಿ ಗಂಟು ಕಟ್ಟಿ ನೋಯುತ್ತಿದ್ದರೆ, ಗುಳಿ ಬೀಳುತ್ತಿದ್ದರೆ, ದವಡೆಯ ಸಾಲಿಗೇ ಎದ್ದು ಮುಟ್ಟೂ ಏರುಪೇರಾಗಿದ್ದರೆ ಈ ಎರಡೂ ಟ್ಯೂಬಿನ ಕೆಲಸ ಅಲ್ಲ ಅದು.

ಅಂದ ಹಾಗೆ, ಇಷ್ಟು ದಿನ ಕೆನ್ನೆ ಎಣಿಸುವಾಗ ಹಣೆಯನ್ನು ಬಿಟ್ಟಿದ್ದೆ. ಕೂದಲು ಶುರುವಾಗುವ ಅಂಚಿನಲ್ಲೇ ರವೆ ಸಾಲಾಗಿ ಕೂತಿದೆ, ಬೈತಲೆಯ ಎರಡೂ ಕಡೆ. ಅಮ್ಮ ವಾರಕ್ಕೆ ಮೂರು ದಿನ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಮೇಲೆ ನನಗೆ ಅನುಮಾನ. ಎಣ್ಣೆ ಹಣೆಗಿಳಿದು ರಂಧ್ರ ಮುಚ್ಚಿ ಹೀಗಾಗುವುದು ಗೊತ್ತಿರುವ ವಿಷಯವೇ. ಹಣೆಗೆ ಯಾವ ಔಷಧಿಯನ್ನೂ ಹಚ್ಚುವುದಿಲ್ಲ. ಎಂಟು ವಾರ ಎಣ್ಣೆಯನ್ನು ಕೂದಲ ಬುಡಕ್ಕೆ ಹಚ್ಚದೆ ತುದಿಗೆ ಮಾತ್ರ ಹಚ್ಚಿ, ಎರಡು ಗಂಟೆಯಲ್ಲಿ ತೊಳೆದುಬಿಡುವುದು. ಅಮ್ಮ ಒಪ್ಪಿಲ್ಲ ಇನ್ನೂ. ‘ಬುಡಕ್ಕೆ ಎಣ್ಣೆ ಇಲ್ಲದೆ ಕೂದಲು ಹೇಗೆ ನಿಲ್ಲುತ್ತೆ?’ ಅನ್ನುತ್ತಿದ್ದಾರೆ. ಹೊಸ ಹಾಳೆಯಲ್ಲಿ ಗೆರೆ ಹಾಕಿಟ್ಟಿದ್ದೇನೆ. ಹಣೆಯ ಅಂಚು, ರವೆ 17.