ಇಳಿಜಾರಿನ ಲೆಕ್ಕ: ಯಜ್ದ್‌ನ ಕನಾತ್‌ಗಳ ನಡುವೆ ಒಂದು ದಿನ

ಮಧ್ಯ ಇರಾನಿನ ಯಜ್ದ್ ನಗರದಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸುಮಾರು 50ರಿಂದ 60 ಮಿಲಿಮೀಟರ್. ನಮ್ಮ ಬೀದರಿನಲ್ಲಿ ಮುಂಗಾರು ಜೋರಾದ ಒಂದು ರಾತ್ರಿಯಲ್ಲೇ ಅಷ್ಟು ನೀರು ಸುರಿದುಬಿಡುವುದುಂಟು. ಹತ್ತಿರದಲ್ಲಿ ಸದಾ ಹರಿಯುವ ನದಿಯಿಲ್ಲ, ಸುತ್ತಲೂ ಮರುಭೂಮಿ. ಆದರೆ ನಗರದ ನೈಋತ್ಯಕ್ಕೆ ಶೀರ್‌ಕೂಹ್ ಎಂಬ, ನಾಲ್ಕು ಸಾವಿರ ಮೀಟರ್‌ಗೂ ಎತ್ತರದ ಪರ್ವತವಿದೆ. ಚಳಿಗಾಲದಲ್ಲಿ ಅಲ್ಲಿ ಬಿದ್ದ ಹಿಮ ಕರಗಿ, ತಪ್ಪಲಿನಲ್ಲಿ ಯುಗಯುಗಗಳಿಂದ ಹರಡಿಕೊಂಡಿರುವ ಜಲ್ಲಿ ಮತ್ತು ಮರಳಿನ ದಪ್ಪ ಪದರದೊಳಗೆ ಇಂಗುತ್ತದೆ. ಆ ನೀರನ್ನು ಬಿಸಿಲಿಗೆ ತೋರಿಸದೆ, ಯಾವ ಯಂತ್ರವನ್ನೂ ಬಳಸದೆ, ನೆಲದಡಿಯ ಸುರಂಗದಲ್ಲಿ ಹರಿಸಿ ಊರಿಗೆ ತಲುಪಿಸುವ ವ್ಯವಸ್ಥೆಯೇ ಕನಾತ್. ಬೀದರಿನ ನೌಬಾದ್‌ನಲ್ಲಿರುವ ಬಹಮನಿ ಕಾಲದ ಸುರಂಗ ಬಾವಿಯೊಳಗೆ ಇಳಿದು ನೋಡಿದ್ದ ನನಗೆ, ಆ ವಿದ್ಯೆ ಹೊರಟು ಬಂದ ನಾಡಿನಲ್ಲಿ ಅದನ್ನು ಕಾಣಬೇಕೆಂಬ ಆಸೆ ಬಹುಕಾಲದಿಂದ ಇತ್ತು.

ಯಜ್ದ್‌ನಲ್ಲಿ ನಮಗೆ ದಾರಿ ತೋರಿಸಲು ಒಪ್ಪಿದವರು ತಮ್ಮ ಪ್ರಾಯವನ್ನೆಲ್ಲ ಕನಾತ್ ತೋಡುವುದರಲ್ಲಿ ಮತ್ತು ದುರಸ್ತಿ ಮಾಡುವುದರಲ್ಲಿ ಕಳೆದಿದ್ದ ಒಬ್ಬ ಹಿರಿಯ ಮುಕನ್ನಿ. ಕನಾತ್ ತೋಡುವವರನ್ನು ಅಲ್ಲಿ ಮುಕನ್ನಿ ಎನ್ನುತ್ತಾರೆ. ಎದುರಿಗೆ ಮಾತನಾಡಿಸುವಾಗ ಎಲ್ಲರೂ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದರು, ನಾವೂ ಹಾಗೆಯೇ ಕರೆದೆವು. ಅವರ ಫಾರಸಿಯನ್ನು ನಮಗೆ ತಿಳಿಸಿಹೇಳಲು ಅವರ ಮೊಮ್ಮಗ ಜೊತೆಗಿದ್ದ. ಬೆಳಿಗ್ಗೆ ಬೇಗನೆ ಹೊರಟು ನಗರದ ದಕ್ಷಿಣಕ್ಕೆ ಮೂವತ್ತು ಕಿಲೋಮೀಟರ್‌ಗಿಂತ ತುಸು ದೂರದಲ್ಲಿರುವ ಮೆಹ್ರೀಜ್ ಕಡೆಗೆ ಹೋದೆವು. ದಾರಿಯುದ್ದಕ್ಕೂ ಬಯಲಿನಲ್ಲಿ ಮಣ್ಣಿನ ಉಂಗುರಗಳು ಒಂದರ ಹಿಂದೆ ಒಂದರಂತೆ ಬೆಟ್ಟದತ್ತ ಸಾಲುಗಟ್ಟಿದ್ದವು. ಪ್ರತಿ ಉಂಗುರದ ನಡುವೆ ಒಂದು ಬಾವಿ, ಸುತ್ತಲೂ ಅದರಿಂದ ಮೇಲೆತ್ತಿ ಸುರಿದ ಮಣ್ಣಿನ ದಿಬ್ಬ. ಅಪರೂಪಕ್ಕೊಮ್ಮೆ ಮಳೆ ಬಂದು ನೆರೆ ನುಗ್ಗಿದಾಗ ಕೆಸರು ನೀರು ಬಾವಿಗೆ ಇಳಿಯದಂತೆ ತಡೆಯುವುದೂ ಈ ದಿಬ್ಬದ ಕೆಲಸವೇ.

ಈ ಬಾವಿಗಳಿಂದ ಯಾರೂ ನೀರು ಸೇದುವುದಿಲ್ಲ. ಸುರಂಗ ತೋಡುವಾಗ ಮಣ್ಣನ್ನು ಹೊರಗೆ ಹಾಕಲು, ಒಳಗಿರುವವರಿಗೆ ಗಾಳಿ ಸಿಗಲು, ಮುಂದೆ ದುರಸ್ತಿಗೆಂದು ಇಳಿಯಲು ಇವು ಇರುವುದು. ನೀರು ಸಿಗುವುದು ಸಾಲಿನ ತುದಿಯಲ್ಲಿ, ಬೆಟ್ಟದ ಬುಡದಲ್ಲಿರುವ ಎಲ್ಲಕ್ಕಿಂತ ಆಳವಾದ ತಾಯಿ ಬಾವಿಯ ಸುತ್ತಮುತ್ತ. ಅಲ್ಲಿ ಸುರಂಗ ಅಂತರ್ಜಲದ ಮಟ್ಟಕ್ಕಿಂತ ಕೆಳಗೆ ಹಾದುಹೋಗುವುದರಿಂದ ನಾಲ್ಕೂ ಕಡೆಯಿಂದ ನೀರು ಒಸರಿ ಒಳಸೇರುತ್ತದೆ. ಅದನ್ನು ಹಸಿ ಭಾಗ ಎನ್ನಬಹುದು. ಅಲ್ಲಿಂದ ಮುಂದಕ್ಕೆ ಸುರಂಗ ಒಣನೆಲದೊಳಗೆ ಸಾಗುವ ಬರಿಯ ಕಾಲುವೆ. ನೀರು ಕೊನೆಗೆ ಬೆಳಕಿಗೆ ಬರುವ ಬಾಯಿಯನ್ನು ಮಜ್ಹರ್ ಎನ್ನುತ್ತಾರೆ.

ಬಾಯಿ ಎಲ್ಲಿ ತೆರೆಯಬೇಕೆಂಬುದನ್ನು ಹೇಗೆ ತೀರ್ಮಾನಿಸುತ್ತೀರಿ ಎಂದು ನಾನು ಕೇಳಿದಾಗ ಉಸ್ತಾದ್ ನೆಲದ ಮೇಲೆ ಕುಳಿತು, ಕಡ್ಡಿಯಿಂದ ಎರಡು ಗೆರೆ ಎಳೆದರು. ಮೇಲಿನ ಗೆರೆ ನೆಲ, ಕೆಳಗಿನದು ಸುರಂಗ. ಎರಡೂ ಬೆಟ್ಟದಿಂದ ಊರಿನ ಕಡೆಗೆ ಇಳಿಯುತ್ತವೆ, ಆದರೆ ನೆಲ ಬೇಗ ಇಳಿಯುತ್ತದೆ, ಸುರಂಗ ನಿಧಾನವಾಗಿ. ಆದ್ದರಿಂದ ಎಲ್ಲೋ ಒಂದು ಕಡೆ ಎರಡೂ ಕೂಡಲೇಬೇಕು. ತಾಯಿ ಬಾವಿಯ ತಳ 50 ಮೀಟರ್ ಆಳದಲ್ಲಿದೆ ಎಂದುಕೊಳ್ಳೋಣ. ನೆಲ ಕಿಲೋಮೀಟರಿಗೆ 10 ಮೀಟರ್ ಇಳಿಯುತ್ತದೆ, ಸುರಂಗ 1 ಮೀಟರ್ ಮಾತ್ರ ಇಳಿಯುತ್ತದೆ. ಪ್ರತಿ ಕಿಲೋಮೀಟರಿಗೂ ಎರಡರ ನಡುವಿನ ಅಂತರ 9 ಮೀಟರ್ ಕಡಿಮೆಯಾಗುತ್ತ ಹೋಗಿ, ಐದೂವರೆ ಕಿಲೋಮೀಟರ್ ದಾಟುವಷ್ಟರಲ್ಲಿ ನೀರು ಹೊರಗೆ ಬರುತ್ತದೆ. ಅದೇ ಆಳದ ಬಾವಿ, ಆದರೆ ನೆಲ ಕಿಲೋಮೀಟರಿಗೆ 3 ಮೀಟರ್ ಮಾತ್ರ ಇಳಿಯುವ ಚಪ್ಪಟೆ ಬಯಲು ಎಂದಾದರೆ ಸುರಂಗವನ್ನು 25 ಕಿಲೋಮೀಟರ್ ತೋಡಬೇಕಾಗುತ್ತದೆ. ಯಜ್ದ್ ನಗರದಡಿಯಲ್ಲಿ ಹಾದುಹೋಗುವ ಜಾರ್ಚ್ ಕನಾತ್ 70 ಕಿಲೋಮೀಟರ್‌ಗಿಂತಲೂ ಉದ್ದವಾಗಿದೆ ಎಂದು ಓದಿದಾಗ ನನಗೆ ನಂಬಲು ಕಷ್ಟವಾಗಿತ್ತು. ಮಣ್ಣಿನ ಮೇಲಿನ ಈ ಎರಡು ಗೆರೆಗಳನ್ನು ನೋಡಿದ ಮೇಲೆ ಅಂಥ ಉದ್ದ ಎಲ್ಲಿಂದ ಹುಟ್ಟುತ್ತದೆ ಎಂಬುದು ಅರ್ಥವಾಯಿತು.

ಸುರಂಗದ ಇಳಿಜಾರನ್ನು ಇಷ್ಟ ಬಂದಂತೆ ಇಡಲಾಗುವುದಿಲ್ಲ. ಉದ್ದನೆಯ ಕನಾತ್‌ಗಳಲ್ಲಿ ಅದು ಸಾವಿರ ಮೀಟರಿಗೆ ಒಂದು ಮೀಟರ್ ಅಥವಾ ಅದಕ್ಕಿಂತಲೂ ಕಡಿಮೆ. ಹೆಚ್ಚಾದರೆ ನೀರು ರಭಸದಿಂದ ಹರಿದು ತಳವನ್ನೂ ಗೋಡೆಯ ಬುಡವನ್ನೂ ಕೊರೆದು ಸುರಂಗವನ್ನೇ ಕೆಡವುತ್ತದೆ. ತೀರಾ ಕಡಿಮೆಯಾದರೆ ಹೂಳು ಅಲ್ಲಲ್ಲೇ ಕೂತು ದಾರಿ ಕಟ್ಟುತ್ತದೆ. ಇಷ್ಟು ನವಿರಾದ ಲೆಕ್ಕವನ್ನು ಹಳಬರು ಹಗ್ಗ ಮತ್ತು ನೀರಿನ ಹನಿಗಳಿಂದಲೇ ಮಾಡುತ್ತಿದ್ದರು. ಮೊದಲು ತಾಯಿ ಬಾವಿಯೊಳಗೆ ನೀರಿನ ಮಟ್ಟದವರೆಗೆ ಹಗ್ಗ ಇಳಿಬಿಟ್ಟು ಆಳವನ್ನು ಗುರುತು ಮಾಡಿಕೊಳ್ಳುವುದು. ಆಮೇಲೆ ಊರಿನ ದಿಕ್ಕಿಗೆ ಹೆಜ್ಜೆ ಹೆಜ್ಜೆಯಾಗಿ ಇಳಿಯುತ್ತ, ಪ್ರತಿ ಹಂತದಲ್ಲೂ ನೆಲ ಎಷ್ಟು ಇಳಿಯಿತೆಂದು ಅಳೆದು, ಅಷ್ಟನ್ನು ಅದೇ ಹಗ್ಗದಲ್ಲಿ ಗುರುತಿಸುತ್ತ ಹೋಗುವುದು. ಮಟ್ಟ ನೋಡಲು ಇಬ್ಬರು ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿಯುತ್ತಾರೆ. ನಡುವೆ ನೀರು ಹನಿಸಿದಾಗ ಅದು ಯಾವ ಕಡೆಗೂ ಜಾರದೆ ಅಲ್ಲೇ ತೊಟ್ಟಿಕ್ಕಿದರೆ ದಾರ ಸಮಮಟ್ಟದಲ್ಲಿದೆ ಎಂದರ್ಥ. ಹೀಗೆ ಅಳೆಯುತ್ತ ಹಗ್ಗದ ಉದ್ದವೆಲ್ಲ ಮುಗಿದ ಜಾಗ ತಾಯಿ ಬಾವಿಯ ನೀರಿಗೆ ಸಮನಾದ ಮಟ್ಟದಲ್ಲಿರುತ್ತದೆ. ಸುರಂಗಕ್ಕೆ ಬೇಕಾದ ಇಳಿಜಾರಿಗಾಗಿ ಅಲ್ಲಿಂದ ಇನ್ನಷ್ಟು ಕೆಳಗೆ ಸರಿದು ಬಾಯಿಯ ಜಾಗವನ್ನು ಗೊತ್ತುಮಾಡುತ್ತಾರೆ. ಕರಾಜೀ ಎಂಬ ಗಣಿತಜ್ಞ ಹನ್ನೊಂದನೆಯ ಶತಮಾನದಲ್ಲೇ ನೆಲದಡಿಯ ನೀರನ್ನು ಹೊರತರುವ ಬಗ್ಗೆ ಪುಸ್ತಕವನ್ನು ಬರೆದು, ಅದರಲ್ಲಿ ಮಟ್ಟ ನೋಡುವ ಸಾಧನಗಳನ್ನು ವಿವರಿಸಿದ್ದಾನೆ.

ತೋಡುವ ಕೆಲಸ ಬಾಯಿಯಿಂದ ಶುರುವಾಗಿ ತಾಯಿ ಬಾವಿಯ ಕಡೆಗೆ ಸಾಗುತ್ತದೆ. ನೀರಿರುವ ಕಡೆಯಿಂದಲೇ ಆರಂಭಿಸಿದರೆ ತೋಡುವವನೇ ಮುಳುಗುತ್ತಾನೆ. ಕೆಳಗಿನಿಂದ ಮೇಲಕ್ಕೆ ಹೋದರೆ ಸಿಕ್ಕ ನೀರೆಲ್ಲ ಬೆನ್ನ ಹಿಂದಕ್ಕೆ ಹರಿದುಹೋಗುತ್ತದೆ. ಸುರಂಗದ ಅಗಲ ಒಬ್ಬ ಮನುಷ್ಯನಿಗೆ ಸಾಲುವಷ್ಟೇ, ಎತ್ತರ ಬಗ್ಗಿ ನಡೆಯುವಷ್ಟು. ಮುಕನ್ನಿ ಗಿಡ್ಡ ಹಿಡಿಯ ಗುದ್ದಲಿಯಿಂದ ಅಗೆಯುತ್ತಾನೆ, ಸಹಾಯಕ ಮಣ್ಣನ್ನು ಚರ್ಮದ ಚೀಲಕ್ಕೆ ತುಂಬುತ್ತಾನೆ, ಬಾವಿಯ ಮೇಲೆ ನಿಂತವರು ಮರದ ರಾಟೆಯಿಂದ ಅದನ್ನು ಎಳೆದುಕೊಳ್ಳುತ್ತಾರೆ. ನೇರ ದಾರಿ ತಪ್ಪದಿರಲು ಹಿಂದೆ ಎರಡು ದೀಪಗಳನ್ನು ಸ್ವಲ್ಪ ಅಂತರದಲ್ಲಿ ಇಡುತ್ತಾರೆ. ತಿರುಗಿ ನೋಡಿದಾಗ ಅವೆರಡೂ ಒಂದಾಗಿ ಕಂಡರೆ ದಾರಿ ಸರಿಯಿದೆ. ದೀಪ ಮಂಕಾದರೆ ಗಾಳಿ ಕೆಟ್ಟಿದೆ ಎಂದು ತಿಳಿದು ತಕ್ಷಣ ಹೊರಗೆ ಬರಬೇಕು.

ಉಸ್ತಾದ್ ಅವರು ಮನೆಯಿಂದ ತಂದಿದ್ದ ತಮ್ಮ ಹಳೆಯ ಕೆಲಸದ ಬಟ್ಟೆಯನ್ನು ತೋರಿಸಿದರು. ಅಂಗಿ, ಷರಾಯಿ, ತಲೆಯ ಟೋಪಿ ಎಲ್ಲವೂ ಬಿಳಿ. ಕತ್ತಲಲ್ಲಿ ಎದ್ದು ಕಾಣಲಿ ಎಂಬುದು ಒಂದು ಕಾರಣ. ಇನ್ನೊಂದನ್ನು ಅವರೇ ಹೇಳಿದರು: “ಒಳಗೆ ಕುಸಿದರೆ ಕಫನ್ ಹೊದಿಸಲು ಯಾರೂ ಬರಲಾರರು, ನಾವೇ ಉಟ್ಟುಕೊಂಡು ಇಳಿಯುತ್ತೇವೆ.” ಗಟ್ಟಿ ಮಣ್ಣಿನಲ್ಲಿ ಸುರಂಗ ತಾನಾಗಿಯೇ ನಿಲ್ಲುತ್ತದೆ, ಸಡಿಲ ಮರಳು ಸಿಕ್ಕಿದರೆ ಸುಟ್ಟ ಮಣ್ಣಿನ ದೊಡ್ಡ ಬಳೆಗಳನ್ನು ಒಂದರ ಪಕ್ಕ ಒಂದರಂತೆ ನಿಲ್ಲಿಸಿ ಮುಂದೆ ಸಾಗಬೇಕು. ಬೀದರಿನಲ್ಲಿ ಇಂಥ ಬಳೆಗಳ ಅಗತ್ಯ ಬೀಳಲಿಲ್ಲ, ಏಕೆಂದರೆ ಅಲ್ಲಿನ ಸುರಂಗವನ್ನು ಕೊರೆದದ್ದು ಗಟ್ಟಿಯಾದ ಜಂಬಿಟ್ಟಿಗೆ ಕಲ್ಲಿನಲ್ಲಿ. ಅದನ್ನು ಕೊರೆದವರ ಶ್ರಮ ಕಡಿಮೆಯದೇನಲ್ಲ, ಆದರೆ ಯಜ್ದ್‌ನವರಂತೆ ಪ್ರತಿದಿನವೂ ತಲೆಯ ಮೇಲಿನ ಮಣ್ಣನ್ನು ಅನುಮಾನಿಸುತ್ತ ಅವರು ಕೆಲಸ ಮಾಡಬೇಕಾಗಿರಲಿಲ್ಲ ಎಂದು ನನಗನ್ನಿಸುತ್ತದೆ.

ಮೆಹ್ರೀಜ್‌ನ ಪಹ್ಲವಾನ್‌ಪುರ ತೋಟದಲ್ಲಿ ಮಧ್ಯಾಹ್ನ ಕಳೆಯಿತು. ಎತ್ತರದ ಚಿನಾರ್ ಮರಗಳ ನಡುವೆ ಕನಾತ್‌ನ ನೀರು ತೆರೆದ ಕಾಲುವೆಯಲ್ಲಿ ತಿಳಿಯಾಗಿ ಹರಿಯುತ್ತಿತ್ತು. ಉಸ್ತಾದ್ ಬೊಗಸೆಯಲ್ಲಿ ನೀರೆತ್ತಿ ಬಹಳ ಹೊತ್ತು ನೋಡಿದರು. ನೀರು ಇದ್ದಕ್ಕಿದ್ದಂತೆ ಕದಡಿದರೆ, ಅದರ ಜೊತೆಗೆ ಹರಿವೂ ತಗ್ಗಿದರೆ, ಒಳಗೆ ಎಲ್ಲೋ ಗೋಡೆ ಕುಸಿದಿದೆ ಎಂದು ಮುಕನ್ನಿಗಳು ಗುರುತಿಸುತ್ತಾರೆ. ಆಗ ತಡಮಾಡುವಂತಿಲ್ಲ, ಕುಸಿದ ಮಣ್ಣಿನ ಹಿಂದೆ ನೀರು ಕಟ್ಟಿಕೊಂಡರೆ ಅದನ್ನು ಬಿಡಿಸಲು ಹೋದವನ ಮೇಲೆ ಒಮ್ಮೆಲೇ ನುಗ್ಗುತ್ತದೆ.

ಸಂಜೆ ಯಜ್ದ್‌ಗೆ ಮರಳಿ ಜಾಮೆ ಮಸೀದಿಗೆ ಹೋದೆವು. ಅದರ ಅಂಗಳದ ಕೆಳಗೆ, ನೆಲದಾಳದಲ್ಲಿ ಜಾರ್ಚ್ ಕನಾತ್ ಹಾದುಹೋಗುತ್ತದೆ. ಈ ನೀರು ನಗರದ ಉತ್ತರಕ್ಕಿರುವ ಜಾರ್ಚ್ ಊರಿನ ಹೊಲಗಳಿಗೆ ಸೇರಿದ್ದು; ಯಜ್ದ್‌ನ ಮಟ್ಟಿಗೆ ಅದು ಇನ್ನೂ ಬೆಳಕಿಗೆ ಬಾರದ ನೀರು. ಹಾಗೆಂದು ಮೇಲಿರುವವರು ಬಾಯಾರಿಕೊಂಡು ಇರಬೇಕಾಗಿಲ್ಲ, ಮೆಟ್ಟಿಲಿಳಿದು ಹೋಗಿ ತುಂಬಿಕೊಳ್ಳಬಹುದು. ಅಂಥ ಮೆಟ್ಟಿಲು ದಾರಿಗಳಿಗೆ ಪಾಯಾಬ್ ಎಂದು ಹೆಸರು, ನಗರದ ಹಳೆಯ ಮನೆಗಳಲ್ಲೂ ಅವು ಇವೆ. ಕೆಳಗಿಳಿದಂತೆ ಬಿಸಿಲಿನ ಝಳ ಪೂರ್ತಿ ಹಿಂದೆ ಉಳಿಯುವುದರಿಂದ ಬೇಸಿಗೆಯ ಮಧ್ಯಾಹ್ನಗಳನ್ನು ಜನ ಅಲ್ಲೇ ಕಳೆಯುತ್ತಿದ್ದರಂತೆ.

ಹೊಲಗಳಿಗೆ ನೀರನ್ನು ಹಂಚುತ್ತಿದ್ದದ್ದು ಕಾಲದ ಲೆಕ್ಕದಲ್ಲಿ. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ದೊಡ್ಡ ಪಾತ್ರೆಯ ನೀರಿನಲ್ಲಿ ತೇಲಿಬಿಟ್ಟು, ಅದು ತುಂಬಿ ಮುಳುಗುವಷ್ಟು ಹೊತ್ತನ್ನು ಒಂದು ಪಾಲು ಎಂದು ಎಣಿಸುತ್ತಿದ್ದರು. ಮೀರಾಬ್ ಎಂಬ ಹಂಚಿಕೆದಾರ ಹಗಲು ರಾತ್ರಿ ಅದರ ಮುಂದೆ ಕುಳಿತಿರುತ್ತಿದ್ದ. ಇಂಥ ಹಕ್ಕಿನ ಲೆಕ್ಕಾಚಾರ ಬಹಳ ಹಳೆಯದು. ನೀರಿಲ್ಲದ ನೆಲಕ್ಕೆ ಊಟೆಯ ನೀರನ್ನು ತಂದವರಿಗೆ ಐದು ತಲೆಮಾರುಗಳವರೆಗೆ ಆ ಭೂಮಿಯ ಫಲವನ್ನು ಅನುಭವಿಸುವ ಹಕ್ಕನ್ನು ಪರ್ಷಿಯದ ಅರಸರು ಕೊಟ್ಟಿದ್ದರೆಂದು ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಬರೆದಿದ್ದಾನೆ. ಇಷ್ಟು ಅಪಾಯದ ಕೆಲಸಕ್ಕೆ ಒಂದು ಮನೆತನ ತನ್ನ ದುಡಿಮೆಯನ್ನೆಲ್ಲ ಸುರಿಯಬೇಕಾದರೆ ಅಂಥ ಭರವಸೆ ಬೇಕೇ ಬೇಕು.

ಕತ್ತಲಾಗುವ ಮುಂಚೆ ಉಸ್ತಾದ್ ಇಂದಿನ ಸ್ಥಿತಿಯ ಬಗ್ಗೆ ಮಾತಾಡಿದರು. ಕಳೆದ ಶತಮಾನದ ನಡುವಿನಿಂದ ಪಂಪು ಹಾಕಿದ ಆಳದ ಕೊಳವೆಬಾವಿಗಳು ತಪ್ಪಲಿನಲ್ಲೆಲ್ಲ ಬಂದವು. ಕನಾತ್‌ಗೆ ಅಂತರ್ಜಲದಿಂದ ತಾನಾಗಿ ಒಸರಿದಷ್ಟೇ ನೀರು. ಪಂಪಿಗೆ ಆ ಮಿತಿಯಿಲ್ಲ. ನೀರಿನ ಮಟ್ಟ ಸುರಂಗದ ತಳಕ್ಕಿಂತ ಕೆಳಗೆ ಹೋದ ದಿನ ಕನಾತ್ ಒಣಗುತ್ತದೆ.

ಹಾಗಾದರೆ ಸುರಂಗವನ್ನು ಬೆಟ್ಟದ ಕಡೆಗೆ ಇನ್ನೂ ಮುಂದಕ್ಕೆ ತೋಡಬಾರದೇ ಎಂದು ಕೇಳಿದೆ. ತೋಡುತ್ತಾರೆ, ಅದು ಹಳೆಯ ಉಪಾಯವೇ, ಮುಕನ್ನಿಗಳು ಅದಕ್ಕೆ ಪೀಶ್‌ಕಾರ್ ಎನ್ನುತ್ತಾರೆ. ಆದರೆ ಬೆಟ್ಟದತ್ತ ಹೋದಂತೆ ಸುರಂಗ ಏರಲೇಬೇಕು, ಅತ್ತ ನೀರಿನ ಮಟ್ಟ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುತ್ತದೆ. ಒಂದು ಹಂತದ ನಂತರ ಎಷ್ಟು ಮುಂದೆ ಹೋದರೂ ಸುರಂಗ ನೀರಿಗಿಂತ ಮೇಲೆಯೇ ಉಳಿಯುತ್ತದೆ. ಇನ್ನೊಂದು ದಾರಿ ಇಡೀ ಸುರಂಗದ ತಳವನ್ನು ಅಗೆದು ತಗ್ಗಿಸುವುದು. ಅದರ ಪರಿಣಾಮವನ್ನು ಉಸ್ತಾದ್ ಬೆಳಿಗ್ಗೆಯಂತೆಯೇ ಗೆರೆ ಎಳೆದು ತೋರಿಸಿದರು: ಕೆಳಗಿನ ಗೆರೆಯನ್ನು ಎರಡು ಮೀಟರ್ ಇಳಿಸಿದರೆ ಅದು ನೆಲವನ್ನು ಕೂಡುವ ಜಾಗವೂ ಊರಿನಿಂದ ಆಚೆಗೆ ಸರಿಯುತ್ತದೆ. ಕಿಲೋಮೀಟರಿಗೆ 10 ಮೀಟರ್ ಇಳಿಯುವ ನೆಲದಲ್ಲಿ ಆ ಸರಿತ ಸುಮಾರು 220 ಮೀಟರ್, 3 ಮೀಟರ್ ಇಳಿಯುವ ಬಯಲಿನಲ್ಲಿ ಪೂರ್ತಿ ಒಂದು ಕಿಲೋಮೀಟರ್. ಅಷ್ಟು ದೂರದ ನಡುವೆ ಇರುವ ಹೊಲಗಳು ನೀರಿಗಿಂತ ಎತ್ತರದಲ್ಲಿ ಉಳಿಯುತ್ತವೆ, ಅವುಗಳ ಒಡೆಯರಿಗೆ ಬಟ್ಟಲಿನ ಲೆಕ್ಕದಲ್ಲಿ ಪಾಲು ಇದ್ದರೂ ಅದನ್ನು ಹೊಲಕ್ಕೆ ಹಾಯಿಸಿಕೊಳ್ಳಲಾಗುವುದಿಲ್ಲ.