ಕುಂದಾದ್ರಿ ಮಳೆಯಲ್ಲಿ ನೆನೆದ 2,800 ರೂಪಾಯಿ

ಜುಲೈನಲ್ಲಿ ಆಗುಂಬೆ ಕಡೆ ಹೊರಟಿದ್ದೀರಾ? ಜಾಕೆಟ್ ಕೊಳ್ಳುವಾಗ ಮೊದಲು ಅದನ್ನು ಒಳಮಗ್ಗುಲು ತಿರುಗಿಸಿ ನೋಡಿ. ನಾನು ನೋಡಲಿಲ್ಲ.

ಅಂಗಡಿಯವನು ತೋಳಿನ ಮೇಲೆ ಒಂದು ಲೋಟ ನೀರು ಸುರಿದ. ಕೆಸುವಿನೆಲೆ ಮೇಲಿನ ಹನಿಯ ಹಾಗೆ ಜಾರಿ ಹೋಯಿತು. ಸುಮ್ನೆ 2,800 ಕೊಟ್ಟು ತಂದೆ. ಚೀಟಿಯಲ್ಲಿ 'ವಾಟರ್ ರೆಸಿಸ್ಟೆಂಟ್' ಅಂತಲೇ ಇತ್ತು. 'ವಾಟರ್‌ಪ್ರೂಫ್' ಅಂತ ಓದಿಕೊಂಡವನು ನಾನು.

ಗುಡ್ಡೇಕೇರಿಯಿಂದ ಕುಂದಾದ್ರಿಗೆ ನಡೆದೇ ಹೊರಟೆವು. ಅರ್ಧ ಗಂಟೆಯಲ್ಲಿ ಹೆಗಲು ತಣ್ಣಗಾಯಿತು. ನೀರು ಜಾರಿಸುವುದು ಬಟ್ಟೆಯ ಮೇಲಿನ ಲೇಪ ಅಷ್ಟೇ. ತುಂತುರಿಗೆ ಅದು ಸಾಕು. ಬ್ಯಾಗಿನ ಪಟ್ಟಿ ಒತ್ತುವ ಕಡೆ ನೀರನ್ನು ಬಟ್ಟೆಯೊಳಕ್ಕೆ ತಳ್ಳಿದ ಹಾಗಾಗುತ್ತದೆ, ಅಲ್ಲಿ ಮೊದಲು ಸೋರುತ್ತದೆ. ಹೊಲಿಗೆಯಲ್ಲಿ ಸೂಜಿ ತೂತುಗಳು ಬೇರೆ.

ಗೆಳೆಯನದು ಲ್ಯಾಮಿನೇಟ್ ಜಾಕೆಟ್. ಹೊರಬಟ್ಟೆಯ ಹಿಂದೆ ತೆಳುವಾದ ಒಂದು ಪೊರೆ ಅಂಟಿಸಿರುತ್ತಾರೆ. ಅದರ ರಂಧ್ರಗಳು ಎಷ್ಟು ಸಣ್ಣವೆಂದರೆ ನೀರಿನ ಹನಿ ತೂರುವುದಿಲ್ಲ, ಬೆವರಿನ ಆವಿ ತೂರುತ್ತದೆ. ಒಳಗೆ ಪ್ರತಿ ಹೊಲಿಗೆಯ ಮೇಲೂ ಬೆರಳಗಲದ ಟೇಪನ್ನು ಬಿಸಿ ಮಾಡಿ ಅಂಟಿಸಿತ್ತು. ಕೆಲವಕ್ಕೆ ಹೆಗಲು, ಟೋಪಿಗೆ ಮಾತ್ರ ಟೇಪ್ ಇರುತ್ತದೆ. ಪಕ್ಕ, ಕಂಕುಳ, ಜೇಬಿನ ಹೊಲಿಗೆಯನ್ನೂ ಬೆರಳಾಡಿಸಿ ನೋಡಿ.

ತಮಾಷೆ ಅಂದರೆ ಬೆಟ್ಟದ ಮೇಲೆ ಬಸದಿ ಹತ್ತಿರ ನೋಡಿದರೆ ಅವನ ಅಂಗಿಯೂ ಒದ್ದೆ! ಆದರೆ ಅದು ಸೋರಿದ್ದಲ್ಲ. ಸೋರಿದರೆ ಹೆಗಲು, ಜಿಪ್ಪು, ಹೊಲಿಗೆಯ ಗೆರೆಯಲ್ಲಿ ಒದ್ದೆಯಾಗುತ್ತದೆ. ಅವನಿಗೆ ಬೆನ್ನು, ಮುಂಗೈ ಎಲ್ಲಾ ಒಂದೇ ಸಮ ಜಿಗಿಜಿಗಿ. ಬೆವರು. ಹೊರಗಿನ ಗಾಳಿ ಒಳಗಿಗಿಂತ ಒಣಗಿದ್ದರೆ ತಾನೇ ಆವಿ ಹೊರಗೆ ಹೋಗುವುದು? ಮಲೆನಾಡಿನ ಮಂಜಿನಲ್ಲಿ ಎರಡು ಕಡೆಯೂ ತೇವವೇ. ಸಾಲದ್ದಕ್ಕೆ ಅವನ ಜಾಕೆಟ್‌ನ ಹಳೇ ಲೇಪ ಸವೆದು ಹೊರಬಟ್ಟೆ ನೀರು ಕುಡಿದಿತ್ತು. ಹಾಗಾದರೆ ಪೊರೆ ಹೊರಗೆ ಉಸಿರಾಡಲು ಜಾಗವೇ ಇರುವುದಿಲ್ಲ. 'ಬ್ರೀದಬಲ್' ಅಂತ ಜಾಸ್ತಿ ದುಡ್ಡು ಕೇಳಿದರೆ ಕಂಕುಳಲ್ಲಿ ಜಿಪ್ಪು ಇದೆಯಾ ಅಂತ ಮೊದಲು ಕೇಳಿ.

ಇಳಿದು ಬಂದು ರಸ್ತೆ ಬದಿಯ ಪುಟ್ಟ ಹೋಟೆಲ್ ಹೊಕ್ಕೆವು. ಬಿಸಿ ಕಡುಬು, ಕಾಯಿ ಚಟ್ನಿ, ಜೊತೆಗೆ ಮಾವಿನ ಮಿಡಿ. ಇಬ್ಬರಿಗೂ ಸೇರಿ ನೂರು ರೂಪಾಯಿ ದಾಟಲಿಲ್ಲ. ಒಲೆ ಮುಂದೆ ಕೂತು ಎರಡನೇ ಲೋಟ ಕಷಾಯ ಕುಡಿಯುವಾಗ ಕಾಲಿಂದ ಮೂರು ಉಂಬಳ ಕಿತ್ತೆವು, ಅದು ಬೇರೆ ಕಥೆ. ಜಾಕೆಟ್ ಹಿಂಡುತ್ತಿದ್ದ ನನ್ನನ್ನು ನೋಡಿ ಹೋಟೆಲಿನ ಅಜ್ಜಿ ನಕ್ಕರು. "ಬಿದಿರು, ಎಲೆ ಹೆಣೆದ ಗೊರಬು ಹಾಕ್ಕಂಡು ನೆಟ್ಟಿ ಮಾಡ್ತಿದ್ವಿ ನಾವು. ಬೆನ್ನಿಗೆ ಮಳೆ ಬೀಳ್ತಿರ್ಲಿಲ್ಲ, ಮುಂದೆಲ್ಲಾ ಬಯಲು, ಗಾಳಿ ಆಡ್ತಿತ್ತು."

ಮುಂದಿನ ಸಲಕ್ಕೆ ಪೂರ್ತಿ ಟೇಪ್ ಹಾಕಿದ, ಕಂಕುಳಲ್ಲಿ ಜಿಪ್ಪಿರುವ ಜಾಕೆಟ್ ತೆಗೆದಿಟ್ಟಿದ್ದೇನೆ. ಡಾಂಬರು ರಸ್ತೆಯಲ್ಲಿ ನಡೆಯುವಷ್ಟು ದೂರ ಕೊಡೆಯೇ.